ಹೆಜ್ಜೆಯನ್ನು ಅರ್ಧ ಮಾಡಿ ನೋಡಿ

ಬಿಸಿ ಕಾಫಿಯ ಲೋಟ ಮೇಜಿನ ಮೇಲಿದ್ದರೆ ಅದು ಒಂದೇ ವೇಗದಲ್ಲಿ ಆರುವುದಿಲ್ಲ. ಮೊದಲ ಕೆಲವು ನಿಮಿಷ ಬಿಸಿ ಸರಸರನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಕೋಣೆಯ ಶಾಖಕ್ಕೆ ಹತ್ತಿರವಾದ ಮೇಲಂತೂ ಇಳಿಯುತ್ತಿದೆಯೋ ಇಲ್ಲವೋ ಎಂಬಷ್ಟು ಮಂದ. ನ್ಯೂಟನ್ 1701ರಲ್ಲಿ ಪ್ರಕಟಿಸಿದ ಬರಹವೊಂದರಲ್ಲಿ ಇದಕ್ಕೊಂದು ನಿಯಮ ಕೊಟ್ಟ: ಆರುವ ವೇಗ, ವಸ್ತುವಿಗೂ ಸುತ್ತಲಿನ ಗಾಳಿಗೂ ಇರುವ ಶಾಖದ ಅಂತರಕ್ಕೆ ತಕ್ಕಷ್ಟು. ಅಂತರ ಅರ್ಧವಾದರೆ ವೇಗವೂ ಅರ್ಧ.

ಇಂಥ ನಿಯಮವನ್ನೇ ಗಣಿತದಲ್ಲಿ ಅವಕಲ ಸಮೀಕರಣ ಎನ್ನುತ್ತಾರೆ. ಇದರ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಹತ್ತು ನಿಮಿಷದ ನಂತರ ಕಾಫಿ ಎಷ್ಟು ಬಿಸಿ ಇರುತ್ತದೆ ಎಂದು ಅದು ಹೇಳುವುದಿಲ್ಲ. ಈಗ ಇಷ್ಟು ಬಿಸಿ ಇದ್ದರೆ ಈ ಕ್ಷಣದಲ್ಲಿ ಎಷ್ಟು ವೇಗವಾಗಿ ಇಳಿಯುತ್ತಿದೆ ಎಂದಷ್ಟೇ ಹೇಳುತ್ತದೆ. ಆ ವೇಗದಿಂದ ಬಿಸಿ ಬದಲಾಗುತ್ತದೆ, ಬಿಸಿ ಬದಲಾದೊಡನೆ ವೇಗವೂ ಬದಲಾಗುತ್ತದೆ. ಎರಡೂ ಒಂದರ ಬಾಲ ಇನ್ನೊಂದು ಹಿಡಿದು ಓಡುತ್ತಿರುತ್ತವೆ. ಕಾಫಿಯಂಥ ಸರಳ ಪ್ರಕರಣದಲ್ಲಿ ಒಂದು ಸೂತ್ರದಿಂದ ನೇರ ಉತ್ತರ ಸಿಗುತ್ತದೆ. ಆದರೆ ಗುರು, ಶನಿಗಳ ಸೆಳೆತಕ್ಕೆ ಸಿಕ್ಕಿದ ಧೂಮಕೇತು, ಮುಂಗಾರಿನ ಗಾಳಿ, ಊರಲ್ಲಿ ಹಬ್ಬುವ ಜ್ವರ ಇವಕ್ಕೆಲ್ಲ ಅಂಥ ಸಿದ್ಧ ಸೂತ್ರ ಇಲ್ಲ. ಅಲ್ಲಿ ಇರುವ ದಾರಿ ಒಂದೇ. ಕಾಲವನ್ನು ಚಿಕ್ಕ ಚಿಕ್ಕ ತುಂಡು ಮಾಡಿಕೊಂಡು, ಒಂದೊಂದು ತುಂಡಿನಲ್ಲೂ ವೇಗ ಬದಲಾಗುವುದಿಲ್ಲ ಎಂದು ಭಾವಿಸಿ, ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗುವುದು. ಆಯ್ಲರ್ ತನ್ನ ಸಮಾಕಲನ ಗ್ರಂಥದ 1768ರ ಸಂಪುಟದಲ್ಲಿ ವಿವರಿಸಿದ ವಿಧಾನ ಇದೇ.

ವೇಗ ಬದಲಾಗುವುದಿಲ್ಲ ಎಂಬುದು ನಿಜವಲ್ಲ ಎಂದು ನಮಗೆ ಗೊತ್ತು. ಹಾಗಾದರೆ ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ತಪ್ಪು ಸೇರುತ್ತಲೇ ಇರುತ್ತದೆ. ಎಷ್ಟು ಸೇರುತ್ತದೆ, ಉತ್ತರ ಮೊದಲೇ ಗೊತ್ತಿಲ್ಲದವನು ಆ ತಪ್ಪನ್ನು ಅಳೆಯುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಕಾಫಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ, ಏಕೆಂದರೆ ಅದರ ನಿಜವಾದ ಉತ್ತರ ಗೊತ್ತಿರುವುದರಿಂದ ತಪ್ಪನ್ನು ಕಣ್ಣಾರೆ ನೋಡಬಹುದು. ಕೋಣೆ 25 ಡಿಗ್ರಿ, ಕಾಫಿ 85 ಡಿಗ್ರಿ. ಅಂತರ 60. ಲೆಕ್ಕ ಸುಲಭವಾಗಲೆಂದು, ಅಂತರದ ಹತ್ತನೇ ಒಂದು ಪಾಲಿನಷ್ಟು ಡಿಗ್ರಿ ಪ್ರತಿ ನಿಮಿಷಕ್ಕೆ ಇಳಿಯುವ ವೇಗ ಎಂದಿಟ್ಟುಕೊಳ್ಳೋಣ. ಅಂದರೆ ಆರಂಭದಲ್ಲಿ ನಿಮಿಷಕ್ಕೆ 6 ಡಿಗ್ರಿ. ಹತ್ತು ನಿಮಿಷದ ನಂತರ ಉಳಿಯುವ ಅಂತರ ಸೂತ್ರದ ಪ್ರಕಾರ 22.07 ಡಿಗ್ರಿ. ಕಾಫಿ 47.07ಕ್ಕೆ ಬಂದಿರುತ್ತದೆ.

ಈಗ ಸೂತ್ರ ಮರೆತು ಹೆಜ್ಜೆ ಹಾಕೋಣ. ಒಂದು ನಿಮಿಷದ ಹೆಜ್ಜೆ. ಮೊದಲ ನಿಮಿಷ 6 ಡಿಗ್ರಿ ಇಳಿದು ಅಂತರ 54. ಎರಡನೇ ನಿಮಿಷದ ವೇಗ 5.4, ಅಂತರ 48.6. ಮೂರನೆಯದರಲ್ಲಿ 4.86 ಇಳಿದು 43.74. ಹೀಗೆ ಹತ್ತು ಹೆಜ್ಜೆ ಹೋದರೆ 20.92 ಸಿಗುತ್ತದೆ. ನಿಜಕ್ಕಿಂತ 1.15 ಡಿಗ್ರಿ ಕಡಿಮೆ. ಕಡಿಮೆಯೇ ಯಾಕೆ ಬಂತು ಎಂದರೆ, ಪ್ರತಿ ನಿಮಿಷದ ಆರಂಭದಲ್ಲಿದ್ದ ಹೆಚ್ಚಿನ ವೇಗವನ್ನೇ ನಿಮಿಷ ಪೂರ್ತಿ ಬಳಸಿದೆವು. ಕಾಫಿ ಅಷ್ಟರಲ್ಲಿ ನಿಧಾನವಾಗಿತ್ತು, ನಮ್ಮ ಲೆಕ್ಕ ನಿಧಾನವಾಗಲಿಲ್ಲ.

ಹೆಜ್ಜೆಯನ್ನು ಅರ್ಧ ನಿಮಿಷಕ್ಕೆ ಇಳಿಸಿದರೆ ಇಪ್ಪತ್ತು ಹೆಜ್ಜೆಯ ನಂತರ 21.51. ತಪ್ಪು 0.56. ಅಂದರೆ ಹೆಜ್ಜೆ ಅರ್ಧವಾದರೆ ತಪ್ಪೂ ಸುಮಾರು ಅರ್ಧ. ಆರು ಸೆಕೆಂಡಿನ ಹೆಜ್ಜೆಗೆ, ಅಂದರೆ ಹತ್ತನೇ ಒಂದು ನಿಮಿಷಕ್ಕೆ, ಬಂದರೆ 21.96, ತಪ್ಪು 0.11, ಮೊದಲಿನದರ ಹತ್ತನೇ ಒಂದು ಪಾಲು.

ಈ ಅನುಪಾತ ಎಲ್ಲಿಂದ ಬಂತೆಂದು ನೋಡಲು ಮೊದಲ ಹೆಜ್ಜೆಯೊಂದನ್ನೇ ಬಿಡಿಸಿ ನೋಡಬೇಕು. ಒಂದು ನಿಮಿಷದಲ್ಲಿ ನಿಜವಾಗಿ ಇಳಿಯುವುದು 5.71 ಡಿಗ್ರಿ, ನಾವು ಇಳಿಸಿದ್ದು 6. ಒಂದೇ ಹೆಜ್ಜೆಯ ತಪ್ಪು 0.29. ಅರ್ಧ ನಿಮಿಷದಲ್ಲಿ ನಿಜವಾಗಿ ಇಳಿಯುವುದು 2.926, ನಾವು ಇಳಿಸುವುದು 3. ತಪ್ಪು 0.074. ಹೆಜ್ಜೆ ಅರ್ಧವಾದಾಗ ಆ ಒಂದು ಹೆಜ್ಜೆಯ ತಪ್ಪು ಕಾಲುಭಾಗಕ್ಕೆ ಇಳಿಯಿತು. ಆದರೆ ಹತ್ತು ನಿಮಿಷ ದಾಟಲು ಈಗ ಎರಡರಷ್ಟು ಹೆಜ್ಜೆ ಹಾಕಬೇಕು. ಕಾಲುಭಾಗದ ತಪ್ಪು ಎರಡರಷ್ಟು ಸಲ ಸೇರಿದರೆ ಒಟ್ಟು ಅರ್ಧ. ಆಯ್ಲರ್ ವಿಧಾನದಲ್ಲಿ ಇದಕ್ಕಿಂತ ಹೆಚ್ಚಿನ ಲಾಭ ಇಲ್ಲ. ಹತ್ತುಪಟ್ಟು ನಿಖರತೆ ಬೇಕೆಂದರೆ ಹತ್ತುಪಟ್ಟು ದುಡಿಯಬೇಕು.

ಇಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ. ಪ್ರತಿ ನಿಮಿಷಕ್ಕೆ 0.29ರಂತೆ ಹತ್ತು ಹೆಜ್ಜೆಗೆ 2.9 ಡಿಗ್ರಿ ತಪ್ಪಾಗಬೇಕಿತ್ತಲ್ಲ, ಯಾಕೆ 1.15 ಮಾತ್ರ ಆಯಿತು? ಒಂದು ಕಾರಣ, ಕಾಫಿ ಆರಿದಂತೆ ಪ್ರತಿ ಹೆಜ್ಜೆಯ ಹೊಸ ತಪ್ಪೂ ಚಿಕ್ಕದಾಗುತ್ತದೆ. ಇನ್ನೊಂದು, ಹಳೆಯ ತಪ್ಪನ್ನು ಕಾಫಿಯ ನಿಯಮವೇ ಕರಗಿಸುತ್ತದೆ. ನಮ್ಮ ಲೆಕ್ಕದಲ್ಲಿ ಕಾಫಿ ನಿಜಕ್ಕಿಂತ ತಣ್ಣಗಿದ್ದರೆ ಮುಂದಿನ ಹೆಜ್ಜೆಯ ವೇಗವೂ ಕಡಿಮೆಯಾಗುತ್ತದೆ, ಹಿಂದುಳಿದದ್ದು ಸ್ವಲ್ಪ ಸರಿಹೋಗುತ್ತದೆ. ಎಷ್ಟೇ ತಪ್ಪಿದರೂ ಕೊನೆಗೆ ಎಲ್ಲವೂ 25 ಡಿಗ್ರಿಗೇ ಬಂದು ಸೇರುತ್ತವೆ. ಎಲ್ಲ ಸಮೀಕರಣಗಳೂ ಇಷ್ಟು ದಯೆ ತೋರುವುದಿಲ್ಲ. ಧೂಮಕೇತುವಿನ ವೇಗದಲ್ಲಿ ಒಂದು ಕಡೆ ಕೂದಲೆಳೆಯಷ್ಟು ತಪ್ಪಾದರೆ ಅದರ ಪ್ರದಕ್ಷಿಣೆಯ ಅವಧಿಯೇ ತಪ್ಪುತ್ತದೆ, ವರ್ಷ ಕಳೆದಂತೆ ಆ ವ್ಯತ್ಯಾಸ ಬೆಳೆಯುತ್ತಲೇ ಹೋಗುತ್ತದೆ. ಒಂದೇ ವಿಧಾನ, ಒಂದೇ ಹೆಜ್ಜೆ ಇದ್ದರೂ ಒಂದು ಕಡೆ ತಪ್ಪು ಸಾಯುತ್ತದೆ, ಇನ್ನೊಂದು ಕಡೆ ಬೆಳೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇದುವರೆಗೆ ತಪ್ಪನ್ನು ಅಳೆದದ್ದು 22.07 ಎಂಬ ನಿಜವಾದ ಉತ್ತರ ಕೈಯಲ್ಲಿದ್ದುದರಿಂದ. ಅದು ಇಲ್ಲದಿದ್ದರೆ? ಆಗ ನಮ್ಮ ಬಳಿ ಇರುವುದು ಲೆಕ್ಕದ ಉತ್ತರಗಳು ಮಾತ್ರ. ಎರಡು ನಿಮಿಷದ ಹೆಜ್ಜೆಗೆ 19.66, ಒಂದು ನಿಮಿಷಕ್ಕೆ 20.92, ಅರ್ಧ ನಿಮಿಷಕ್ಕೆ 21.51. ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಿಂದ ಎರಡನೆಯದಕ್ಕೆ 1.26 ಜಿಗಿತ. ಎರಡನೆಯದರಿಂದ ಮೂರನೆಯದಕ್ಕೆ 0.59. ಜಿಗಿತಗಳು ಹೆಚ್ಚುಕಡಿಮೆ ಅರ್ಧರ್ಧವಾಗುತ್ತಿವೆ. ಹಾಗಿದ್ದರೆ ಮುಂದಿನ ಜಿಗಿತ 0.29ರ ಸುಮಾರು, ಅದರ ಮುಂದಿನದು 0.15, ಹೀಗೆ ಕೊನೆಯಿಲ್ಲದೆ ಹೋದರೂ ಎಲ್ಲ ಸೇರಿ ಇನ್ನೊಂದು 0.59 ಆಗುತ್ತದೆ, ಅಷ್ಟೇ. ಅಂದರೆ ಕೊನೆಯ ಎರಡು ಉತ್ತರಗಳ ನಡುವಿನ ವ್ಯತ್ಯಾಸವೇ ಕೊನೆಯ ಉತ್ತರದಲ್ಲಿ ಉಳಿದಿರುವ ತಪ್ಪಿನ ಅಂದಾಜು. ನಿಜವಾದ ತಪ್ಪು 0.56, ಅಂದಾಜು 0.59. ನಿಜವಾದ ಉತ್ತರವನ್ನು ಕಣ್ಣೆತ್ತಿಯೂ ನೋಡದೆ ಇದು ಸಿಕ್ಕಿತು. ಈ ಇಡೀ ಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತು ಇದು: ಲೆಕ್ಕ ತನ್ನ ತಪ್ಪನ್ನು ತಾನೇ ಒಪ್ಪಿಸುತ್ತದೆ, ನಾವು ಎರಡು ಸಲ ಕೇಳಬೇಕು ಅಷ್ಟೇ.

ತಪ್ಪು ಎಷ್ಟೆಂದು ಗೊತ್ತಾದ ಮೇಲೆ ಅದನ್ನು ಕೂಡಿಸಿಬಿಡಬಹುದಲ್ಲ? ಕೂಡಿಸಬಹುದು. 21.51ಕ್ಕೆ 0.59 ಸೇರಿಸಿದರೆ 22.10. ನಿಜಕ್ಕೂ ಇದಕ್ಕೂ ಇರುವ ಅಂತರ 0.02ರಷ್ಟು ಮಾತ್ರ. ಒಂದು ಡಿಗ್ರಿ ತಪ್ಪಿದ ಉತ್ತರ, ಅರ್ಧ ಡಿಗ್ರಿ ತಪ್ಪಿದ ಉತ್ತರ ಎರಡೂ ಸೇರಿ ಎರಡಕ್ಕಿಂತಲೂ ಎಷ್ಟೋ ಉತ್ತಮವಾದ ಉತ್ತರ ಕೊಟ್ಟವು. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಉಪಾಯವನ್ನು ಬೆಳೆಸಿ 1927ರಲ್ಲಿ ವಿಸ್ತಾರವಾಗಿ ಬರೆದ. ಹವಾಮಾನವನ್ನು ಸಮೀಕರಣಗಳಿಂದ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕಲು, ಅದೂ ಕೈಬರಹದಲ್ಲಿ, ಹೊರಟವನೂ ಅವನೇ.

ಆದರೆ ಈ ಒಪ್ಪಿಗೆಯನ್ನು ನಂಬುವ ಮುನ್ನ ಜಿಗಿತಗಳು ನಿಜವಾಗಿಯೂ ಅರ್ಧರ್ಧವಾಗುತ್ತಿವೆಯೇ ಎಂದು ನೋಡಲೇಬೇಕು. ಅದಕ್ಕೇ ಎರಡಲ್ಲ, ಮೂರು ಹೆಜ್ಜೆಗಳು ಬೇಕು. ಅನುಪಾತ ಎರಡರ ಹತ್ತಿರ ಇಲ್ಲದಿದ್ದರೆ ಒಂದೋ ಹೆಜ್ಜೆ ಇನ್ನೂ ತೀರಾ ದೊಡ್ಡದು, ಅಥವಾ ಲೆಕ್ಕದಲ್ಲೇ ಎಲ್ಲೋ ಎಡವಟ್ಟಾಗಿದೆ. ಹೆಜ್ಜೆ ತೀರಾ ದೊಡ್ಡದಾದರೆ ಏನಾಗುತ್ತದೆ ಎನ್ನುವುದಕ್ಕೆ 25 ನಿಮಿಷದ ಹೆಜ್ಜೆ ಹಾಕಿ ನೋಡಿ. ನಿಮಿಷಕ್ಕೆ 6ರಂತೆ 150 ಡಿಗ್ರಿ ಇಳಿದು ಕಾಫಿ ಸೊನ್ನೆಗಿಂತ 65 ಡಿಗ್ರಿ ಕೆಳಗೆ ಹೋಗುತ್ತದೆ. ಈಗ ಕೋಣೆಯೇ ಕಾಫಿಗಿಂತ 90 ಡಿಗ್ರಿ ಬಿಸಿ, ಆದ್ದರಿಂದ ಮುಂದಿನ ಹೆಜ್ಜೆಯಲ್ಲಿ 225 ಡಿಗ್ರಿ ಏರಿ ಕಾಫಿ 160ಕ್ಕೆ ಬರುತ್ತದೆ. ಅದರ ಮುಂದೆ ಸೊನ್ನೆಗಿಂತ 177.5 ಕೆಳಗೆ. ಪ್ರತಿ ಹೆಜ್ಜೆಗೂ ಏರಿಳಿತ ಒಂದೂವರೆಪಟ್ಟು ಬೆಳೆಯುತ್ತದೆ. ಈ ಸಮೀಕರಣಕ್ಕೆ ಗಡಿ 20 ನಿಮಿಷ. ಅದನ್ನು ದಾಟಿದರೆ ಉತ್ತರ ಸ್ವಲ್ಪ ತಪ್ಪುವುದಲ್ಲ, ಲೆಕ್ಕವೇ ಹುಚ್ಚೆದ್ದು ಹೋಗುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪಾದ್ದರಿಂದ ಅಷ್ಟು ಅಪಾಯವಿಲ್ಲ. ನಿಜವಾದ ಅಪಾಯ ನೋಡಲು ಸರಿಯಾಗಿಯೇ ಕಾಣುವ 19.66ರಂಥ ಉತ್ತರದಲ್ಲಿದೆ.

ಹಾಗಾದರೆ ಹೆಜ್ಜೆಯನ್ನು ಚಿಕ್ಕದು ಮಾಡುತ್ತಲೇ ಹೋದರಾಯಿತಲ್ಲ ಎನಿಸಬಹುದು. ಅಲ್ಲೂ ಒಂದು ಗೋಡೆ ಇದೆ. ಕೈಲೆಕ್ಕವಾಗಲಿ ಕಂಪ್ಯೂಟರ್ ಆಗಲಿ, ಪ್ರತಿ ಸಂಖ್ಯೆಯನ್ನು ಇಂತಿಷ್ಟೇ ಅಂಕಿಗಳಲ್ಲಿ ಬರೆದು ಉಳಿದದ್ದನ್ನು ಬಿಡಬೇಕು. ಕಾಫಿಯ ಶಾಖವನ್ನು ದಶಮಾಂಶದ ಒಂದೇ ಸ್ಥಾನಕ್ಕೆ ಬರೆದಿಡುತ್ತೇವೆ ಎಂದುಕೊಳ್ಳಿ. ಹೆಜ್ಜೆ ಸೆಕೆಂಡಿನ ಹತ್ತನೇ ಮೂರು ಪಾಲು. ಅಷ್ಟರಲ್ಲಿ ಇಳಿಯುವುದು 0.03 ಡಿಗ್ರಿ. 85ರಿಂದ ಕಳೆದರೆ 84.97, ಒಂದು ಸ್ಥಾನಕ್ಕೆ ಸರಿಮಾಡಿದರೆ ಮತ್ತೆ 85.0. ಮುಂದಿನ ಹೆಜ್ಜೆಯಲ್ಲೂ ಅದೇ 85.0. ಎಷ್ಟು ಸಾವಿರ ಹೆಜ್ಜೆ ಹಾಕಿದರೂ ಕಾಫಿ ಆರುವುದೇ ಇಲ್ಲ. ಕಂಪ್ಯೂಟರ್ ಹದಿನೈದು ಹದಿನಾರು ಅಂಕಿ ಇಟ್ಟುಕೊಳ್ಳುವುದರಿಂದ ಗೋಡೆ ತುಂಬ ದೂರ ಸರಿದಿದೆ, ಆದರೆ ಇಲ್ಲವಾಗಿಲ್ಲ. ಹೆಜ್ಜೆ ಚಿಕ್ಕದಾದಂತೆ ವಿಧಾನದ ತಪ್ಪು ಇಳಿಯುತ್ತದೆ, ಹೆಜ್ಜೆಗಳ ಸಂಖ್ಯೆ ಹೆಚ್ಚಿದಂತೆ ಅಂಕಿ ಬಿಟ್ಟ ತಪ್ಪು ಏರುತ್ತದೆ. ಎಲ್ಲೋ ನಡುವೆ ಒಟ್ಟು ತಪ್ಪು ಅತಿ ಕಡಿಮೆಯಾಗುವ ಜಾಗವಿದೆ. ಅದಕ್ಕಿಂತ ಚಿಕ್ಕ ಹೆಜ್ಜೆ ಹಾಕಿದರೆ ಹೆಚ್ಚು ದುಡಿದು ಹೆಚ್ಚು ತಪ್ಪುತ್ತೇವೆ.

ಹೀಗಾಗಿ ಹೆಜ್ಜೆಯನ್ನು ಕುಗ್ಗಿಸುವುದಕ್ಕಿಂತ ಹೆಜ್ಜೆ ಹಾಕುವ ರೀತಿಯನ್ನೇ ಸುಧಾರಿಸುವುದು ಜಾಣತನ. ಜರ್ಮನಿಯ ಕಾರ್ಲ್ ರುಂಗೆ 1895ರಲ್ಲಿ ತೋರಿಸಿದ ದಾರಿ ಇದು. ಒಂದು ನಿಮಿಷದ ಹೆಜ್ಜೆ ಹಾಕುವ ಮುನ್ನ ಅರ್ಧ ನಿಮಿಷ ಮುಂದೆ ಹೋಗಿ ಇಣುಕಿ ನೋಡುವುದು. ಅಲ್ಲಿ ಅಂತರ 57, ವೇಗ 5.7. ಈಗ ಹಿಂದಕ್ಕೆ ಬಂದು, ಆರಂಭದ 6ರ ಬದಲು ಈ ನಡುವಿನ 5.7ರ ವೇಗದಲ್ಲೇ ಪೂರ್ತಿ ನಿಮಿಷ ಸಾಗುವುದು. ನಿಜವಾಗಿ ಇಳಿಯುವುದು 5.71 ಎಂದು ಹಿಂದೆಯೇ ನೋಡಿದೆವು. ಹತ್ತು ನಿಮಿಷ ಹೀಗೆ ಹೋದರೆ ತಪ್ಪು 0.04 ಮಾತ್ರ. ಆಯ್ಲರ್ ವಿಧಾನದಲ್ಲಿ ಇದೇ ನಿಖರತೆ ಬೇಕಿದ್ದರೆ ಇನ್ನೂರೈವತ್ತಕ್ಕೂ ಹೆಚ್ಚು ಹೆಜ್ಜೆ ಬೇಕಾಗುತ್ತಿತ್ತು. ಇಲ್ಲಿ ವೇಗವನ್ನು ಇಪ್ಪತ್ತು ಸಲ ಲೆಕ್ಕ ಹಾಕಿದ್ದಷ್ಟೇ. ಇದಕ್ಕಿಂತ ಮುಖ್ಯವಾದ ಮಾತು, ಈ ವಿಧಾನದಲ್ಲಿ ಹೆಜ್ಜೆ ಅರ್ಧ ಮಾಡಿದರೆ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ಕುಟ್ಟಾ 1901ರಲ್ಲಿ ಪ್ರತಿ ಹೆಜ್ಜೆಗೆ ನಾಲ್ಕು ಸಲ ಇಣುಕುವ ವಿಧಾನ ಕೊಟ್ಟ. ಅಲ್ಲಿ ಹೆಜ್ಜೆ ಚಿಕ್ಕದಿದ್ದಾಗ, ಅದನ್ನು ಅರ್ಧ ಮಾಡಿದರೆ ತಪ್ಪು ಹದಿನಾರನೇ ಒಂದು ಪಾಲು. ಹತ್ತೂ ನಿಮಿಷವನ್ನು ಒಂದೇ ಹೆಜ್ಜೆಯಲ್ಲಿ ದಾಟಿದರೂ ಈ ವಿಧಾನ 22.5 ಎಂಬ ಉತ್ತರ ಕೊಡುತ್ತದೆ. ಆಯ್ಲರ್ ವಿಧಾನ ಅದೇ ಒಂದು ಹೆಜ್ಜೆಯಲ್ಲಿ ಕಾಫಿಯನ್ನು ಪೂರ್ತಿ ಆರಿಸಿ ಅಂತರ ಸೊನ್ನೆ ಎನ್ನುತ್ತದೆ.

ಹೆಜ್ಜೆಯನ್ನು ಅರ್ಧ ಮಾಡಿ ನೋಡುವ ಕ್ರಮ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಕಾಫಿಗಿಂತ ದೊಡ್ಡ ಸಾಕ್ಷಿ ಹ್ಯಾಲಿ ಧೂಮಕೇತು. ಅದು ಸುಮಾರು 76 ವರ್ಷಕ್ಕೊಮ್ಮೆ ಬರುತ್ತದೆ. 1910ರ ಭೇಟಿಗೆ ಮುನ್ನ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಫಿಲಿಪ್ ಕವೆಲ್ ಮತ್ತು ಆಂಡ್ರೂ ಕ್ರೊಮೆಲಿನ್ ಅದು ಸೂರ್ಯನಿಗೆ ಅತಿ ಹತ್ತಿರ ಬರುವ ದಿನವನ್ನು ಹೆಜ್ಜೆಹೆಜ್ಜೆಯ ಲೆಕ್ಕದಿಂದಲೇ ಕಂಡುಹಿಡಿಯಲು ಹೊರಟರು. ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದು ಹೆಜ್ಜೆಗೂ ಧೂಮಕೇತು ಎಲ್ಲಿದೆ, ಸೂರ್ಯ ಎಷ್ಟು ಸೆಳೆಯುತ್ತಿದ್ದಾನೆ, ಗುರು, ಶನಿ ಮುಂತಾದ ಗ್ರಹಗಳು ಯಾವ ಕಡೆಗೆ ಎಷ್ಟು ಎಳೆಯುತ್ತಿವೆ ಎಂದು ಕೈಯಲ್ಲೇ ಲೆಕ್ಕ ಹಾಕಿ ಮುಂದಿನ ಜಾಗ ಗುರುತಿಸಬೇಕು.

ಅವರ ಹೆಜ್ಜೆಗಳು ಒಂದೇ ಅಳತೆಯವಾಗಿರಲಿಲ್ಲ. ಚಿಕ್ಕದು 2 ದಿನ, ದೊಡ್ಡದು 256 ದಿನ. ಯಾಕೆಂದರೆ ಈ ಧೂಮಕೇತುವಿನ ದಾರಿ ತೀರಾ ಉದ್ದನೆಯ ದೀರ್ಘವೃತ್ತ. ಸೂರ್ಯನ ಹತ್ತಿರ, ಶುಕ್ರನ ಕಕ್ಷೆಗಿಂತ ಒಳಗೆ, ಅದು ಸೆಕೆಂಡಿಗೆ ಸುಮಾರು 54 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಾ ಕೆಲವೇ ವಾರಗಳಲ್ಲಿ ದಿಕ್ಕು ಬದಲಿಸಿಬಿಡುತ್ತದೆ. ಅಲ್ಲಿ 256 ದಿನದ ಹೆಜ್ಜೆ ಹಾಕಿದರೆ ತಿರುವೇ ತಪ್ಪಿಹೋಗುತ್ತದೆ. ನೆಪ್ಚೂನ್‌ನ ಕಕ್ಷೆಯಾಚೆಯ ಆ ತುದಿಯಲ್ಲಿ ವೇಗ ಸೆಕೆಂಡಿಗೆ ಒಂದು ಕಿಲೋಮೀಟರ್‌ಗಿಂತ ಕಡಿಮೆ, ತಿಂಗಳುಗಟ್ಟಲೆ ಹೆಚ್ಚೇನೂ ಬದಲಾಗುವುದಿಲ್ಲ. ಅಲ್ಲಿ 2 ದಿನದ ಹೆಜ್ಜೆ ವ್ಯರ್ಥ ಶ್ರಮ. ಬದಲಾವಣೆ ಬೇಗ ಆಗುವಲ್ಲಿ ಚಿಕ್ಕ ಹೆಜ್ಜೆ, ನಿಧಾನವಾಗಿ ಆಗುವಲ್ಲಿ ದೊಡ್ಡ ಹೆಜ್ಜೆ. ಇಂದಿನ ತಂತ್ರಾಂಶಗಳು ಇದನ್ನು ತಾವೇ ಮಾಡುತ್ತವೆ. ಒಂದೇ ಹೆಜ್ಜೆಯನ್ನು ಎರಡು ಬಗೆಯಲ್ಲಿ ಹಾಕಿ, ಉತ್ತರಗಳ ವ್ಯತ್ಯಾಸ ಮಿತಿ ಮೀರಿದರೆ ಹೆಜ್ಜೆಯನ್ನು ಕುಗ್ಗಿಸಿ ಮತ್ತೆ ಹಾಕುತ್ತವೆ, ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಹಿಗ್ಗಿಸುತ್ತವೆ. ಕವೆಲ್ ಮತ್ತು ಕ್ರೊಮೆಲಿನ್ ಅದನ್ನು ತಮ್ಮ ಅನುಭವದಿಂದ ನಿರ್ಧರಿಸಿದರು.

ಅವರ ಲೆಕ್ಕದ ಪ್ರಕಾರ ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಬರಬೇಕಿದ್ದುದು 1910ರ ಏಪ್ರಿಲ್ 17ರಂದು. ಬಂದದ್ದು ಏಪ್ರಿಲ್ 20ರಂದು. ಮುಕ್ಕಾಲು ಶತಮಾನದ ಪ್ರಯಾಣದಲ್ಲಿ ಮೂರು ದಿನ ತಡ. ಬೇರೆ ಯಾರಾದರೂ ಇಷ್ಟಕ್ಕೇ ಹೆಮ್ಮೆಪಟ್ಟು ಸುಮ್ಮನಾಗುತ್ತಿದ್ದರು. ಇವರು ಆಗಲಿಲ್ಲ. ಈ ಮೂರು ದಿನ ಎಲ್ಲಿಂದ ಬಂತು? ಹೆಜ್ಜೆ ದೊಡ್ಡದಾಗಿದ್ದರಿಂದಲೇ, ಅಂಕಿಗಳನ್ನು ಬಿಟ್ಟದ್ದರಿಂದಲೇ, ಗ್ರಹಗಳ ತೂಕ ತಪ್ಪಾಗಿ ಹಿಡಿದದ್ದರಿಂದಲೇ?

ಅವರು ಲೆಕ್ಕವನ್ನು ಮತ್ತೆ ಮಾಡಿದರು. ಈ ಸಲ ಹೆಜ್ಜೆಗಳನ್ನು ಅರ್ಧ ಮಾಡಿದರು, ದಶಮಾಂಶದ ಇನ್ನೊಂದು ಸ್ಥಾನವನ್ನೂ ಇಟ್ಟುಕೊಂಡರು. ಎರಡೂ ಒಟ್ಟಿಗೆ ಆಗಬೇಕಿತ್ತು. ಹೆಜ್ಜೆ ಮಾತ್ರ ಅರ್ಧ ಮಾಡಿ ಅಂಕಿ ಅಷ್ಟೇ ಇಟ್ಟಿದ್ದರೆ, ಒಂದು ಕಡೆ ಇಳಿದ ತಪ್ಪು ಇನ್ನೊಂದು ಕಡೆಯಿಂದ ನುಸುಳಿಬಿಡುತ್ತಿತ್ತು. ಹಿಂದಿನ ಲೆಕ್ಕದಲ್ಲಿ ಸಿಕ್ಕ ಕೆಲವು ತಪ್ಪುಗಳನ್ನೂ ತಿದ್ದಿದರು. ಇಷ್ಟೆಲ್ಲ ಆದ ಮೇಲೂ ತಡ ಸುಮಾರು 2.7 ದಿನ ಉಳಿದೇ ಉಳಿಯಿತು.

ಕಾಫಿಯ ಲೆಕ್ಕದ ಕಣ್ಣಿನಿಂದ ಇದನ್ನು ನೋಡಿದರೆ ಅರ್ಥ ಸ್ಪಷ್ಟ. ಮೂರು ದಿನದ ತಪ್ಪು ಹೆಜ್ಜೆಯಿಂದ ಬಂದಿದ್ದರೆ, ಹೆಜ್ಜೆ ಅರ್ಧವಾದಾಗ ಅದು ಅರ್ಧಕ್ಕೋ ಕಾಲಿಗೋ ಇನ್ನೂ ಕೆಳಕ್ಕೋ ಬೀಳಬೇಕಿತ್ತು. ಬಿದ್ದದ್ದು ಸ್ವಲ್ಪವೇ. ಹೆಜ್ಜೆಗೆ ಬಗ್ಗದ ತಪ್ಪು ಹೆಜ್ಜೆಯದಲ್ಲ. ಇವರಿಬ್ಬರೂ ಕನಿಷ್ಠ ಎರಡು ದಿನದ ವ್ಯತ್ಯಾಸ ಲೆಕ್ಕದ ದೋಷದಿಂದಾಗಲಿ, ಗ್ರಹಗಳ ಸ್ಥಾನ ಮತ್ತು ತೂಕದ ದೋಷದಿಂದಾಗಲಿ ಬಂದದ್ದಲ್ಲ, ಬೇರೇನೋ ಕಾರಣವಿದೆ ಎಂದು ತೀರ್ಮಾನಿಸಿದರು. ಸೂರ್ಯನ ಮತ್ತು ಗ್ರಹಗಳ ಸೆಳೆತವನ್ನಷ್ಟೇ ಬರೆದಿದ್ದ ಅವರ ಸಮೀಕರಣವೇ ಅಪೂರ್ಣವಾಗಿತ್ತು. ಅಪೂರ್ಣ ಸಮೀಕರಣವನ್ನು ಎಷ್ಟು ಸಣ್ಣ ಹೆಜ್ಜೆಯಲ್ಲಿ ಬಿಡಿಸಿದರೂ ಸಿಗುವುದು ಆ ಅಪೂರ್ಣ ಸಮೀಕರಣದ ಅತಿ ನಿಖರವಾದ ಉತ್ತರ ಮಾತ್ರ.

ಬಿಟ್ಟುಹೋದದ್ದು ಏನೆಂದು ತಿಳಿಯಲು ನಲವತ್ತು ವರ್ಷ ಬೇಕಾಯಿತು. ಅಮೆರಿಕದ ಫ್ರೆಡ್ ವಿಪ್ಪಲ್ 1950ರಲ್ಲಿ, ಧೂಮಕೇತುವಿನ ತಿರುಳು ಮಂಜುಗಡ್ಡೆ ಮತ್ತು ದೂಳು ಬೆರೆತ ಗಟ್ಟಿ ಮುದ್ದೆ ಎಂದು ಪ್ರತಿಪಾದಿಸಿದ. ಸೂರ್ಯನ ಬಿಸಿಗೆ ಮಂಜು ಆವಿಯಾಗಿ ಒಂದು ಕಡೆಯಿಂದ ಚಿಮ್ಮುತ್ತದೆ. ಚಿಮ್ಮಿದ ಕಡೆಗೆ ವಿರುದ್ಧವಾಗಿ ತಿರುಳಿಗೆ ಸಣ್ಣ ತಳ್ಳು ಸಿಗುತ್ತದೆ. ತಿರುಳು ತನ್ನ ಸುತ್ತ ತಾನೇ ತಿರುಗುತ್ತಿರುವುದರಿಂದ ಆ ತಳ್ಳು ನೇರ ಸೂರ್ಯನಿಂದಾಚೆಗೆ ಇರದೆ ಸ್ವಲ್ಪ ಓರೆಯಾಗಿರುತ್ತದೆ. ಹ್ಯಾಲಿಯ ವಿಷಯದಲ್ಲಿ ಅದು ಪ್ರತಿ ಪ್ರದಕ್ಷಿಣೆಯನ್ನೂ ಸುಮಾರು ನಾಲ್ಕು ದಿನದಷ್ಟು ತಡಮಾಡುತ್ತದೆ. ಮುಂದಿನ ಲೆಕ್ಕದವರು ಈ ತಳ್ಳನ್ನೂ ಸಮೀಕರಣದೊಳಗೆ ಬರೆದುಕೊಂಡು ಹೆಜ್ಜೆ ಹಾಕಿದರು. 1986ರ ಫೆಬ್ರವರಿ 9ರಂದು ಧೂಮಕೇತು ಸೂರ್ಯನ ಸಮೀಪ ಹಾದುಹೋದಾಗ, ಹಲವು ವರ್ಷ ಮೊದಲೇ ಹಾಕಿಟ್ಟಿದ್ದ ಲೆಕ್ಕಕ್ಕೂ ಅದಕ್ಕೂ ಒಂದು ದಿನದಷ್ಟೂ ಅಂತರವಿರಲಿಲ್ಲ.